ಇಪ್ಪತ್ತೊಂದು ಸೆಂಟಿಮೀಟರಿನ ತವರು

ಜಲಜನಕದ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯನ್ನು ಹೇಗೆ ಹೊರಡಿಸುತ್ತದೆ ಎಂದು ವಿವರಿಸುವಾಗ ಪುಸ್ತಕಗಳಲ್ಲೂ ವಿಡಿಯೊಗಳಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರ ಕಾಣಿಸುತ್ತದೆ. ನಡುವೆ ಪ್ರೋಟಾನ್ ಎಂಬ ದೊಡ್ಡ ಚೆಂಡು, ಅದರ ಪಕ್ಕದಲ್ಲಿ ಇಲೆಕ್ಟ್ರಾನ್ ಎಂಬ ಪುಟ್ಟ ಚೆಂಡು. ಎರಡಕ್ಕೂ ಒಂದೊಂದು ಬಾಣ ಚುಚ್ಚಿರುತ್ತದೆ. ಬಾಣ ತೋರಿಸುವುದು ಅವುಗಳ ಸ್ಪಿನ್, ಅಂದರೆ ಹುಟ್ಟಿನಿಂದಲೇ ಬಂದ ತಿರುಗುಗುಣದ ದಿಕ್ಕನ್ನು. ಎರಡೂ ಬಾಣ ಮೇಲ್ಮುಖವಾಗಿದ್ದರೆ ಪರಮಾಣುವಿನ ಶಕ್ತಿ ತುಸು ಹೆಚ್ಚು. ಇಲೆಕ್ಟ್ರಾನಿನ ಬಾಣ ಕೆಳಕ್ಕೆ ಮಗುಚಿದರೆ ಶಕ್ತಿ ತುಸು ಕಡಿಮೆ. ಮಗುಚುವಾಗ ಉಳಿದ ಶಕ್ತಿ ರೇಡಿಯೊ ಅಲೆಯಾಗಿ ಹೊರಬೀಳುತ್ತದೆ. ಇಷ್ಟರವರೆಗೆ ಚಿತ್ರ ಸರಿಯಾಗಿಯೇ ಇದೆ.

ಎರಡೂ ಬಾಣ ಒಂದೇ ದಿಕ್ಕಿಗಿದ್ದರೆ ಶಕ್ತಿ ಯಾಕೆ ಹೆಚ್ಚು ಎಂದು ಕೇಳಿದಾಗ ತೊಡಕು ಶುರುವಾಗುತ್ತದೆ. ಸಾಮಾನ್ಯವಾಗಿ ಸಿಗುವ ಉತ್ತರ: ಸ್ಪಿನ್ ಇರುವ ಕಣ ಒಂದು ಪುಟಾಣಿ ಅಯಸ್ಕಾಂತ, ಎರಡು ಅಯಸ್ಕಾಂತಗಳನ್ನು ಪಕ್ಕಪಕ್ಕ ಇಟ್ಟು ಎರಡರ ಉತ್ತರ ಧ್ರುವವನ್ನೂ ಒಂದೇ ಕಡೆ ಮಾಡಿದರೆ ಅವು ಒಂದನ್ನೊಂದು ದೂಡುತ್ತವೆ, ಅದಕ್ಕೇ ಶಕ್ತಿ ಹೆಚ್ಚು. ಕೇಳಲು ಚೆನ್ನಾಗಿದೆ. ಆದರೆ ಇದರಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಪ್ರೋಟಾನಿನದು ಧನ ವಿದ್ಯುದಂಶ, ಹಾಗಾಗಿ ಅದರ ಉತ್ತರ ಧ್ರುವ ಸ್ಪಿನ್ ಬಾಣದ ದಿಕ್ಕಿಗೇ ಇರುತ್ತದೆ. ಇಲೆಕ್ಟ್ರಾನಿನದು ಋಣ ವಿದ್ಯುದಂಶ, ಅದರ ಉತ್ತರ ಧ್ರುವ ಸ್ಪಿನ್ ಬಾಣಕ್ಕೆ ವಿರುದ್ಧ ದಿಕ್ಕಿಗೆ. ಅಂದಮೇಲೆ ಸ್ಪಿನ್ ಬಾಣಗಳೆರಡೂ ಮೇಲಕ್ಕಿರುವಾಗ ಅಯಸ್ಕಾಂತಗಳು ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಮುಖ ಮಾಡಿರುತ್ತವೆ. ಪಕ್ಕಪಕ್ಕದಲ್ಲಿರುವ ಅಯಸ್ಕಾಂತಗಳಿಗೆ ಅದೇ ಹಿತವಾದ ಭಂಗಿ. ಶಕ್ತಿ ಕಡಿಮೆ ಇರಬೇಕಿತ್ತು.

ನಿಸರ್ಗದಲ್ಲಿ ಇರುವುದು ಅದರ ತದ್ವಿರುದ್ಧ. ಚಿತ್ರದ ಉತ್ತರವೇನೋ ಸರಿ, ಆದರೆ ಕೊಟ್ಟ ಕಾರಣವನ್ನು ಕಡೆಯವರೆಗೂ ಲೆಕ್ಕ ಮಾಡಿದರೆ ಉತ್ತರ ತಲೆಕೆಳಗಾಗುತ್ತದೆ. ಈ ರೇಖೆಯ ಬಗ್ಗೆ ತಿಳಿಯಬೇಕಾದ ಅತ್ಯಂತ ಸ್ವಾರಸ್ಯದ ವಿಷಯ ಇಲ್ಲೇ ಅಡಗಿದೆ.

ತಪ್ಪು ಇರುವುದು 'ಪಕ್ಕ' ಎಂಬ ಕಲ್ಪನೆಯಲ್ಲಿ. ಜಲಜನಕದ ಅತ್ಯಂತ ಕೆಳಗಿನ ಶಕ್ತಿಸ್ಥಿತಿಯಲ್ಲಿ, ಅಂದರೆ ತಳಸ್ಥಿತಿಯಲ್ಲಿ, ಇಲೆಕ್ಟ್ರಾನ್ ಪ್ರೋಟಾನಿನ ಯಾವ ಪಕ್ಕದಲ್ಲೂ ಕೂತಿರುವುದಿಲ್ಲ. ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ ದುಂಡನೆಯ ಮೋಡದಂತೆ ಅದು ಪ್ರೋಟಾನನ್ನು ಆವರಿಸಿರುತ್ತದೆ. ಪ್ರೋಟಾನಿನ ಕಾಂತಕ್ಷೇತ್ರವಾದರೋ ಎಲ್ಲ ದಿಕ್ಕಿನಲ್ಲೂ ಒಂದೇ ಥರ ಇಲ್ಲ. ಧ್ರುವಗಳ ನೇರಕ್ಕೆ ಅದು ಮೇಲ್ಮುಖವಾಗಿದ್ದರೆ ನಡುಪಟ್ಟಿಯ ಸುತ್ತ ಕೆಳಮುಖವಾಗಿರುತ್ತದೆ. ಧ್ರುವದ ಕಡೆ ಕ್ಷೇತ್ರ ಪ್ರಬಲ, ಆದರೆ ಜಾಗ ಕಡಿಮೆ. ನಡುಪಟ್ಟಿಯಲ್ಲಿ ಕ್ಷೇತ್ರ ದುರ್ಬಲ, ಆದರೆ ಜಾಗ ಹೆಚ್ಚು. ದುಂಡು ಮೋಡದ ಎಲ್ಲ ಭಾಗಗಳ ಮೇಲೂ ಲೆಕ್ಕ ಕೂಡಿದರೆ ಮೇಲಿನದೂ ಕೆಳಗಿನದೂ ಚುಕ್ತಾ ಆಗಿ ಸೊನ್ನೆ ಉಳಿಯುತ್ತದೆ. ಹತ್ತಿರ ಹತ್ತಿರ ಸೊನ್ನೆಯಲ್ಲ, ನಿಖರವಾಗಿ ಸೊನ್ನೆ. ಪ್ರೋಟಾನಿನ ಹೊರಗೆ ಇಲೆಕ್ಟ್ರಾನ್ ಎಷ್ಟೇ ಹರಡಿದ್ದರೂ ಈ ಎರಡು ಅಯಸ್ಕಾಂತಗಳ ಪರಸ್ಪರ ಶಕ್ತಿಗೆ ಅದರಿಂದ ಚಿಕ್ಕಾಸಿನ ಕೊಡುಗೆಯೂ ಇಲ್ಲ.

ಹಾಗಾದರೆ ಶಕ್ತಿಯ ವ್ಯತ್ಯಾಸ ಎಲ್ಲಿಂದ ಬಂತು? ಪ್ರೋಟಾನಿನ ಒಳಗಿನಿಂದ.

ಇಲೆಕ್ಟ್ರಾನ್ ಮೋಡ ಅತ್ಯಂತ ದಟ್ಟವಾಗಿರುವುದು ಸರಿಯಾಗಿ ಕೇಂದ್ರದಲ್ಲೇ. ಅಲ್ಲಿ ಪ್ರೋಟಾನ್ ಇದೆ, ಆದರೆ ಇಲೆಕ್ಟ್ರಾನಿಗೆ ಪ್ರೋಟಾನ್ ಗೋಡೆಯಲ್ಲ; ಅದರೊಳಗೂ ಇರಬಹುದು. ಇಟಲಿಯ ಎನ್ರಿಕೊ ಫರ್ಮಿ 1930ರಲ್ಲಿ ಪ್ರಕಟಿಸಿದ ಲೆಕ್ಕದ ತಿರುಳು ಇದು. ನ್ಯೂಟ್ರಾನ್ ಎಂಬ ಕಣ ಇನ್ನೂ ಪತ್ತೆಯಾಗದಿದ್ದ, ಪರಮಾಣು ಬೀಜದೊಳಗೆ ಏನಿದೆ ಎಂದು ಯಾರಿಗೂ ಗೊತ್ತಿರದಿದ್ದ ಕಾಲದಲ್ಲಿ, ಬೀಜ ಮತ್ತು ಇಲೆಕ್ಟ್ರಾನ್ ಒಂದೇ ತಾಣದಲ್ಲಿರುವ ಸಂಭವವೇ ಈ ಶಕ್ತಿಯನ್ನು ತೀರ್ಮಾನಿಸುತ್ತದೆ ಎಂದು ಅವರು ತೋರಿಸಿದರು. ಭೌತವಿಜ್ಞಾನಿಗಳು ಇದನ್ನು ಫರ್ಮಿಯ ಸಂಪರ್ಕ ಕ್ರಿಯೆ ಎನ್ನುತ್ತಾರೆ. ಅಯಸ್ಕಾಂತದ ಒಳಗಡೆ ಕ್ಷೇತ್ರದ ದಿಕ್ಕು ನಡುಪಟ್ಟಿಯ ಹೊರಗಿರುವಂತೆ ಉಲ್ಟಾ ಅಲ್ಲ, ದಕ್ಷಿಣದಿಂದ ಉತ್ತರಕ್ಕೆ, ಅಯಸ್ಕಾಂತದ ದಿಕ್ಕಿಗೇ. ಹಾಗಾಗಿ ಒಳಹೊಕ್ಕ ಇಲೆಕ್ಟ್ರಾನ್ ತನ್ನ ಉತ್ತರ ಧ್ರುವವನ್ನೂ ಅತ್ತಲೇ ಮಾಡಿಕೊಂಡರೆ ಅದಕ್ಕೆ ಹಿತ. ಅಯಸ್ಕಾಂತಗಳು ಒಂದೇ ದಿಕ್ಕಿಗೆ ಎಂದರೆ ಸ್ಪಿನ್‌ಗಳು ವಿರುದ್ಧ ದಿಕ್ಕಿಗೆ ಎಂದರ್ಥ. ತಲೆಕೆಳಗಾಗಿದ್ದ ಉತ್ತರ ಇಲ್ಲಿ ಸರಿಯಾಯಿತು.

ಈ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬಹುದು. ಪ್ರೋಟಾನನ್ನು ಸಮನಾಗಿ ಕಾಂತತ್ವ ತುಂಬಿದ ಒಂದು ಗುಂಡು ಎಂದುಕೊಳ್ಳೋಣ. ಅದರ ತ್ರಿಜ್ಯ ಸುಮಾರು 0.84 ಫೆಮ್ಟೊಮೀಟರ್, ಒಂದು ಮೀಟರನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು ಫೆಮ್ಟೊಮೀಟರ್. ಅಷ್ಟು ಕಿರಿದಾದ ಜಾಗದಲ್ಲಿ ಪ್ರೋಟಾನಿನ ಕಾಂತತ್ವ ಅಡಕವಾಗಿರುವುದರಿಂದ ಒಳಗಿನ ಕ್ಷೇತ್ರ ಸುಮಾರು 4.8 ಲಕ್ಷ ಕೋಟಿ ಟೆಸ್ಲಾ. ಆಸ್ಪತ್ರೆಯ ಎಂ.ಆರ್.ಐ. ಯಂತ್ರದಲ್ಲಿರುವುದು ಒಂದೂವರೆಯೋ ಮೂರೋ ಟೆಸ್ಲಾ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಅಗಾಧತೆ ತಿಳಿಯುತ್ತದೆ. ಆದರೆ ಇಲೆಕ್ಟ್ರಾನ್ ಆ ಪುಟ್ಟ ಗುಂಡಿನೊಳಗೆ ಸಿಗುವ ಸಂಭವ ಸಾವಿರ ಲಕ್ಷ ಕೋಟಿಗೆ ಬರೀ ಐದು ಚಿಲ್ಲರೆ. ಎರಡನ್ನೂ ಗುಣಿಸಿದರೆ ಇಲೆಕ್ಟ್ರಾನ್ ಸರಾಸರಿಯಾಗಿ ಅನುಭವಿಸುವ ಕ್ಷೇತ್ರ 0.025 ಟೆಸ್ಲಾ ಎಂದು ಸಿಗುತ್ತದೆ. ಎರಡು ಸ್ಪಿನ್‌ಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ಕ್ವಾಂಟಂ ನಿಯಮ ಇದನ್ನು ಇಮ್ಮಡಿಸುತ್ತದೆ: 0.05 ಟೆಸ್ಲಾ. ಇಲೆಕ್ಟ್ರಾನ್ ಮಗುಚಲು ಒಂದು ಟೆಸ್ಲಾ ಕ್ಷೇತ್ರದಲ್ಲಿ ಬೇಕಾಗುವ ಆವರ್ತನ 28,000 ಮೆಗಾಹರ್ಟ್ಸ್. ಅದರ ಇಪ್ಪತ್ತರಲ್ಲೊಂದು ಪಾಲು 1400 ಮೆಗಾಹರ್ಟ್ಸ್. ನಿಜವಾದ ಬೆಲೆ 1420.4 ಮೆಗಾಹರ್ಟ್ಸ್, ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ಬರುವುದೇ 21.1 ಸೆಂಟಿಮೀಟರ್.

ಈ ಲೆಕ್ಕದಲ್ಲಿ ಒಂದು ಚಮತ್ಕಾರವಿದೆ. ಪ್ರೋಟಾನ್ ಇನ್ನೂ ಚಿಕ್ಕದಾಗಿದ್ದಿದ್ದರೆ ಒಳಗಿನ ಕ್ಷೇತ್ರ ಏರುತ್ತಿತ್ತು, ಇಲೆಕ್ಟ್ರಾನ್ ಒಳಗೆ ಸಿಗುವ ಸಂಭವ ಅದೇ ಪ್ರಮಾಣದಲ್ಲಿ ಇಳಿಯುತ್ತಿತ್ತು, ಗುಣಲಬ್ಧ ಹಾಗೇ ಇರುತ್ತಿತ್ತು. ಗಾತ್ರ ಉತ್ತರದಿಂದ ಜಾರಿಹೋಗುತ್ತದೆ. ಪ್ರೋಟಾನಿನ ಗಾತ್ರ ಎಷ್ಟೆಂದು ಗೊತ್ತಿಲ್ಲದಿದ್ದರೂ ಫರ್ಮಿ ಲೆಕ್ಕ ಮಾಡಲು ಸಾಧ್ಯವಾದದ್ದು ಹೀಗೆ. ಗಾತ್ರದ ನಿಜವಾದ ಪ್ರಭಾವ ದಶಾಂಶದ ಎಷ್ಟೋ ಸ್ಥಾನಗಳ ಆಚೆ ಮಾತ್ರ ಇಣುಕುತ್ತದೆ.

ಒಟ್ಟು ಶಕ್ತಿಯ ಮುಂದೆ ಈ ಸೀಳು ಎಷ್ಟು ಚಿಕ್ಕದು ಎಂಬುದನ್ನೂ ನೋಡಬೇಕು. ಜಲಜನಕದಿಂದ ಇಲೆಕ್ಟ್ರಾನನ್ನು ಪೂರ್ತಿ ಕಿತ್ತು ಹಾಕಲು 13.6 ಇಲೆಕ್ಟ್ರಾನ್ ವೋಲ್ಟ್ ಬೇಕು. ಅದನ್ನು 23 ಲಕ್ಷ ಪಾಲು ಮಾಡಿದರೆ ಒಂದು ಪಾಲಿನಷ್ಟು ಈ ಸೀಳು. ರೋಹಿತದ ರೇಖೆಗಳಲ್ಲಿ ಮೊದಲೇ ಗುರುತಿಸಿದ್ದ 'ಸೂಕ್ಷ್ಮ' ಸೀಳುಗಳಿಗಿಂತಲೂ ಇದು ಕಿರಿದಾದ್ದರಿಂದ 'ಅತಿಸೂಕ್ಷ್ಮ ಸೀಳು' ಎಂಬ ಹೆಸರು ಬಂತು.

ಲೆಕ್ಕ ಸುಮಾರಾಗಿ ಹೊಂದಿದರೆ ಸಾಲದು ಎಂದುಕೊಂಡವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಇಸಿಡೊರ್ ರಾಬಿ. 1947ರಲ್ಲಿ ಜಾನ್ ನೇಫ್, ಎಡ್ವರ್ಡ್ ನೆಲ್ಸನ್ ಮತ್ತು ರಾಬಿ ಪ್ರಯೋಗಾಲಯದಲ್ಲಿ ಈ ಸೀಳನ್ನು ನೇರವಾಗಿ ಅಳೆದರು. ಸಿದ್ಧಾಂತ ಹೇಳುತ್ತಿದ್ದುದು ಸುಮಾರು 1417 ಮೆಗಾಹರ್ಟ್ಸ್. ಅಳತೆಯಲ್ಲಿ ಸಿಕ್ಕಿದ್ದು 1420ಕ್ಕೂ ಮೇಲೆ. ಸಾವಿರಕ್ಕೆ ಎರಡು ಮೂರರ ಈ ಅಂತರವನ್ನು ಉಪಕರಣದ ದೋಷ ಎಂದು ತಳ್ಳಿಹಾಕುವಂತಿರಲಿಲ್ಲ, ಅಳತೆ ಅಷ್ಟು ಕರಾರುವಾಕ್ಕಾಗಿತ್ತು. ಇಲೆಕ್ಟ್ರಾನಿನ ಕಾಂತತ್ವವೇ ಪಠ್ಯದಲ್ಲಿ ಹೇಳಿದ್ದಕ್ಕಿಂತ ತುಸು ಹೆಚ್ಚಿರಬಹುದು ಎಂದು ಗ್ರೆಗರಿ ಬ್ರೈಟ್ ಸೂಚಿಸಿದರು. ಪಾಲಿಕಾರ್ಪ್ ಕುಶ್ ಮತ್ತು ಹೆನ್ರಿ ಫೋಲಿ ಅದನ್ನು ಬೇರೆ ಪರಮಾಣುಗಳಲ್ಲಿ ಅಳೆದು ಖಚಿತಪಡಿಸಿದರು. ಜೂಲಿಯನ್ ಶ್ವಿಂಗರ್ ಅದರ ಕಾರಣವನ್ನು ಲೆಕ್ಕ ಹಾಕಿ ಕೊಟ್ಟರು. ಆಧುನಿಕ ಕ್ವಾಂಟಂ ವಿದ್ಯುದ್ಗತಿಶಾಸ್ತ್ರ ಕಾಲೂರಿದ ಮೆಟ್ಟಿಲುಗಳಲ್ಲಿ ಜಲಜನಕದ ಈ ಮೂರು ಮೆಗಾಹರ್ಟ್ಸ್ ಕೊಸರೂ ಒಂದು.

ಇನ್ನು ಆಕಾಶದ ಕಡೆಗೆ. 1944ರ ಏಪ್ರಿಲ್. ನೆದರ್‌ಲ್ಯಾಂಡ್ಸ್ ಜರ್ಮನರ ವಶದಲ್ಲಿತ್ತು. ಆಕಾಶಗಂಗೆಯಿಂದ ರೇಡಿಯೊ ಗದ್ದಲ ಬರುತ್ತಿದೆ ಎಂದು ಅಮೆರಿಕದ ಗ್ರೋಟ್ ರೀಬರ್ ಬರೆದಿದ್ದ ಲೇಖನ ಲೈಡನ್ನಿನ ಖಗೋಳಜ್ಞ ಯಾನ್ ಊರ್ಟ್ ಅವರ ಕೈಸೇರಿತ್ತು. ಬರೀ ಗದ್ದಲದಿಂದ ಪ್ರಯೋಜನ ಕಡಿಮೆ, ನಿರ್ದಿಷ್ಟ ಆವರ್ತನದ ಒಂದು ರೇಖೆ ಸಿಕ್ಕಿದರೆ ಅದರ ಸರಿತದಿಂದ ಅನಿಲದ ವೇಗ ತಿಳಿಯಬಹುದು ಎಂಬುದು ಊರ್ಟ್ ಲೆಕ್ಕ. ಅಂಥ ರೇಖೆ ಯಾವುದಾದರೂ ಇದೆಯೇ ಎಂದು ಹುಡುಕುವ ಕೆಲಸವನ್ನು ಹೆಂಡ್ರಿಕ್ ವಾನ್ ಡೆ ಹುಲ್ಸ್ಟ್ ಎಂಬ ಇಪ್ಪತ್ತೈದರ ವಿದ್ಯಾರ್ಥಿಗೆ ವಹಿಸಿದರು. ಏಪ್ರಿಲ್ 15ರ ಗೋಷ್ಠಿಯಲ್ಲಿ ಆ ಯುವಕ ಜಲಜನಕದ 21 ಸೆಂಟಿಮೀಟರ್ ರೇಖೆಯನ್ನು ಮುಂದಿಟ್ಟ. ಆದರೆ ಅದು ನಿಜಕ್ಕೂ ಕೇಳಿಸುತ್ತದೆಂಬ ಭರವಸೆ ಅವನಿಗೇ ಪೂರ್ತಿ ಇರಲಿಲ್ಲ.

ಅನುಮಾನಕ್ಕೆ ಕಾರಣವಿತ್ತು. ಮೇಲಿನ ಸ್ಥಿತಿಯಲ್ಲಿರುವ ಒಂಟಿ ಜಲಜನಕ ಪರಮಾಣು ತಾನಾಗಿಯೇ ಮಗುಚಲು ಸರಾಸರಿ 1.1 ಕೋಟಿ ವರ್ಷ ಬೇಕು. ಅದೇ ಜಲಜನಕದ ಇಲೆಕ್ಟ್ರಾನ್ ಮೊದಲ ಮೇಲ್ಮಟ್ಟದಿಂದ ತಳಕ್ಕೆ ಧುಮುಕಿ ಅತಿನೇರಳೆ ಬೆಳಕು ಬೀರಲು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದೂವರೆ ಪಾಲು ಸಾಕು. ಈ ಆನೆ-ಇರುವೆ ಅಂತರ ಬಂದದ್ದು ಎರಡು ಕಾರಣಗಳಿಂದ. ಬೆಳಕು ಸೂಸುವ ವೇಗ ಆವರ್ತನದ ಘನಕ್ಕೆ ಅನುಗುಣವಾಗಿ ಏರುತ್ತದೆ. ರೇಡಿಯೊ ರೇಖೆಯ ಆವರ್ತನ ಅತಿನೇರಳೆಯದಕ್ಕಿಂತ 17 ಲಕ್ಷ ಪಟ್ಟು ಕಡಿಮೆ, ಅದನ್ನು ಮೂರು ಸಲ ಗುಣಿಸಿಕೊಂಡರೆ ಆಗುವ ನಷ್ಟ ಊಹೆಗೂ ಮೀರಿದ್ದು. ಎರಡನೆಯದು, ಇಲ್ಲಿ ವಿದ್ಯುದಂಶ ಅತ್ತಿತ್ತ ತೂಗಾಡುವುದಿಲ್ಲ, ಪುಟಾಣಿ ಅಯಸ್ಕಾಂತವೊಂದು ಮಗುಚುತ್ತದೆ ಅಷ್ಟೇ. ಅಂಥ ಆಂಟೆನಾ ಇನ್ನೂ ನಲವತ್ತು ಸಾವಿರ ಪಟ್ಟು ದುರ್ಬಲ.

ಇಷ್ಟು ಸೋಮಾರಿಯಾದ ಪರಮಾಣುವನ್ನು ನೆಚ್ಚಿಕೊಳ್ಳಬಹುದೇ? ಮತ್ತೊಂದು ಲೆಕ್ಕ ಮಾಡೋಣ. ನಕ್ಷತ್ರಗಳ ನಡುವಿನ ಅನಿಲದಲ್ಲಿ ಘನ ಸೆಂಟಿಮೀಟರಿಗೆ ಒಂದು ಪರಮಾಣು ಇದೆ ಎನ್ನೋಣ. ಭೂಮಿಯ ಮೇಲೆ ಯಾವ ಪಂಪಿನಿಂದಲೂ ಇಷ್ಟು ಬರಿದು ಮಾಡಲಾಗದು. ಒಂದು ಚದರ ಸೆಂಟಿಮೀಟರ್ ತಳದ, ಸಾವಿರ ಜ್ಯೋತಿರ್ವರ್ಷ ಉದ್ದದ ಒಂದು ಕೊಳವೆಯನ್ನು ಕಲ್ಪಿಸಿಕೊಂಡರೆ ಅದರಲ್ಲಿ ಸುಮಾರು 10²¹ ಪರಮಾಣುಗಳಿರುತ್ತವೆ. ಅವುಗಳಲ್ಲಿ ಮುಕ್ಕಾಲು ಪಾಲು ಮೇಲಿನ ಸ್ಥಿತಿಯಲ್ಲೇ ಇರುತ್ತವೆ; ಕಾರಣ, ಮೇಲಿನ ಸ್ಥಿತಿಗೆ ಮೂರು ಬಗೆ, ಕೆಳಗಿನದಕ್ಕೆ ಒಂದೇ ಬಗೆ, ಮತ್ತು ಇವೆರಡರ ನಡುವಿನ ಶಕ್ತಿ ಎಷ್ಟು ಕಡಿಮೆಯೆಂದರೆ ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಹದಿನೈದನೇ ಒಂದು ಪಾಲು ಬಿಸಿಯಿದ್ದರೂ ಪರಮಾಣುಗಳನ್ನು ಮೇಲೆತ್ತಲು ಸಾಕು. ನೂರಾರು ವರ್ಷಕ್ಕೊಮ್ಮೆ ಎರಡು ಪರಮಾಣುಗಳು ಡಿಕ್ಕಿಯಾಗಿ ಸ್ಪಿನ್ ಅದಲುಬದಲಾಗುವುದರಿಂದ ಈ ಮೂರಕ್ಕೊಂದರ ಹಂಚಿಕೆ ಕೆಡದೆ ಉಳಿಯುತ್ತದೆ. ಒಂದೊಂದೂ ಕೋಟಿ ವರ್ಷಕ್ಕೊಮ್ಮೆ ಸದ್ದು ಮಾಡಿದರೂ ಆ ಕೊಳವೆಯಿಂದ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ರೇಡಿಯೊ ಫೋಟಾನುಗಳು ಹೊರಡುತ್ತವೆ. ಆಕಾಶದ ಒಂದು ತುಣುಕನ್ನು ನೋಡುವ ಆಂಟೆನಾದ ಎದುರು ಅಂಥ ಕೊಳವೆಗಳು ಎಣಿಕೆಗೆ ಸಿಗದಷ್ಟು ಇರುತ್ತವೆ.

ಯುದ್ಧ ಮುಗಿದ ಮೇಲೆ ಪೈಪೋಟಿ ಶುರುವಾಯಿತು. ಡಚ್ಚರು ಕೂಟ್‌ವೈಕ್ ಎಂಬಲ್ಲಿ ಜರ್ಮನರು ಬಿಟ್ಟುಹೋಗಿದ್ದ ಏಳೂವರೆ ಮೀಟರಿನ ರಾಡಾರ್ ಬಟ್ಟಲನ್ನು ಬಳಸಿಕೊಂಡರು. 1950ರಲ್ಲಿ ಬೆಂಕಿ ಬಿದ್ದು ಅವರ ರಿಸೀವರ್ ಸುಟ್ಟುಹೋಯಿತು. ಅಷ್ಟರಲ್ಲಿ ಹಾರ್ವರ್ಡಿನಲ್ಲಿ ಎಡ್ವರ್ಡ್ ಪರ್ಸೆಲ್ ಅವರ ವಿದ್ಯಾರ್ಥಿ ಹೆರಾಲ್ಡ್ ಯೂಯೆನ್ ಐನೂರು ಡಾಲರ್ ನೆರವಿನಲ್ಲಿ ಪ್ಲೈವುಡ್ಡಿಗೆ ತಾಮ್ರದ ಹಾಳೆ ಹೊದಿಸಿ ಒಂದು ಕಹಳೆ ಮಾಡಿ, ಲೈಮನ್ ಪ್ರಯೋಗಾಲಯದ ಕಿಟಕಿಯ ಹೊರಗೆ ಬಾಯಿ ಮೇಲೆ ಮಾಡಿ ನಿಲ್ಲಿಸಿದ. ಮಳೆ ಬಂದರೆ ನೀರು ಕಹಳೆಯಿಂದಿಳಿದು ಪ್ರಯೋಗಾಲಯಕ್ಕೇ ಬರುತ್ತಿತ್ತು. ಚಳಿಗಾಲದಲ್ಲಿ ಹುಡುಗರಿಗೆ ಹಿಮದ ಉಂಡೆ ಎಸೆಯಲು ಅದಕ್ಕಿಂತ ಒಳ್ಳೆಯ ಗುರಿ ಇರಲಿಲ್ಲ. ಕಹಳೆ ಅಲ್ಲಾಡುವಂತಿರಲಿಲ್ಲ, ಭೂಮಿ ತಿರುಗಿದಂತೆ ಆಕಾಶಗಂಗೆ ತಾನಾಗಿ ಅದರ ಎದುರು ಹಾದುಹೋಗಬೇಕು.

ನಿಜವಾದ ಜಾಣತನ ಇದ್ದದ್ದು ರಿಸೀವರಿನಲ್ಲಿ. ಆ ಕಾಲದ ರಿಸೀವರುಗಳು ಸ್ವತಃ ಮಾಡುತ್ತಿದ್ದ ಗದ್ದಲ ಹುಡುಕುತ್ತಿದ್ದ ಸಂಕೇತಕ್ಕಿಂತ ಎಷ್ಟೋ ಪಾಲು ಹೆಚ್ಚು, ಅದೂ ಕ್ಷಣಕ್ಷಣಕ್ಕೆ ಏರಿಳಿಯುವಂಥದ್ದು. ಯೂಯೆನ್ ರಿಸೀವರನ್ನು ರೇಖೆ ಇರಬೇಕಾದ ಆವರ್ತನಕ್ಕೂ ಅದರ ಪಕ್ಕದ ಖಾಲಿ ಆವರ್ತನಕ್ಕೂ ಸರಸರನೆ ಬದಲಿಸುತ್ತ, ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದನ್ನಷ್ಟೇ ದಾಖಲಿಸಿದ. ರಿಸೀವರಿನ ಗದ್ದಲ ಎರಡೂ ಕಡೆ ಸಮನಾಗಿರುವುದರಿಂದ ಕಳೆದುಹೋಗುತ್ತದೆ, ರೇಖೆ ಮಾತ್ರ ನಿಲ್ಲುತ್ತದೆ. 1951ರ ಮಾರ್ಚ್ 25ರಂದು ಅದು ಸಿಕ್ಕಿತು.

ಸಿಕ್ಕಿದ್ದು ಊರಿನ ಯಾವುದೋ ಟ್ರಾನ್ಸ್‌ಮಿಟರ್ ಅಲ್ಲ ಎಂದು ತಿಳಿಯುವುದು ಹೇಗೆ? ಎರಡು ಪರೀಕ್ಷೆಗಳಿವೆ. ನಕ್ಷತ್ರಗಳು ಪ್ರತಿದಿನ ಹಿಂದಿನ ದಿನಕ್ಕಿಂತ ಸುಮಾರು ನಾಲ್ಕು ನಿಮಿಷ ಮೊದಲೇ ಹುಟ್ಟುತ್ತವೆ. ಆಕಾಶಗಂಗೆಯ ಸಂಕೇತವೂ ಹಾಗೆಯೇ ನಾಲ್ಕು ನಾಲ್ಕು ನಿಮಿಷ ಮುಂಚೆ ಬರಬೇಕು. ಗಡಿಯಾರ ನೋಡಿ ನಡೆಯುವ ಮನುಷ್ಯರ ಯಂತ್ರಗಳು ಹಾಗೆ ಮಾಡುವುದಿಲ್ಲ. ಎರಡನೆಯದು, ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿರುವುದರಿಂದ ಆಕಾಶದ ರೇಖೆ ವರ್ಷದುದ್ದಕ್ಕೂ ಅತ್ತಿತ್ತ ನೂರಕ್ಕೂ ಹೆಚ್ಚು ಕಿಲೋಹರ್ಟ್ಸ್ ಸರಿದಾಡಬಹುದು. ನೆಲದ ಮೇಲಿನ ಸಂಕೇತ ಸರಿಯುವುದಿಲ್ಲ. ಪರ್ಸೆಲ್ ತಮ್ಮ ಫಲಿತಾಂಶವನ್ನು ಒಬ್ಬರೇ ಬಾಚಿಕೊಳ್ಳಲಿಲ್ಲ ಎಂಬುದೂ ಹೇಳಬೇಕಾದ ಮಾತು. ಆಗ ವಾನ್ ಡೆ ಹುಲ್ಸ್ಟ್ ಹಾರ್ವರ್ಡಿಗೇ ಬಂದಿದ್ದರು. ವಿಷಯ ಡಚ್ಚರಿಗೂ ಆಸ್ಟ್ರೇಲಿಯನ್ನರಿಗೂ ಮುಟ್ಟಿತು. ಮುಲ್ಲರ್ ಮತ್ತು ಊರ್ಟ್ ಮೇ 11ರಂದು ರೇಖೆಯನ್ನು ಕಂಡರು. ಆಸ್ಟ್ರೇಲಿಯನ್ನರೂ ಖಚಿತಪಡಿಸಿದ ಮೇಲೆ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎಲ್ಲವೂ ಜೊತೆಯಾಗಿ ಬಂದವು.

ಊರ್ಟ್ ಬಯಸಿದ್ದ ವೇಗದ ಅಳತೆ ಈಗ ಕೈಗೆಟುಕಿತು. ಅನಿಲ ನಮ್ಮಿಂದ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ದೂರ ಹೋಗುತ್ತಿದ್ದರೆ ರೇಖೆ 4.74 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ. 1420.406ರ ಬದಲು 1420.169 ಮೆಗಾಹರ್ಟ್ಸ್‌ನಲ್ಲಿ ಒಂದು ಶಿಖರ ಕಂಡರೆ, ಇಳಿಕೆ 237 ಕಿಲೋಹರ್ಟ್ಸ್, ಅಂದರೆ ಆ ಮೋಡ ಸೆಕೆಂಡಿಗೆ 50 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿದೆ. ಒಂದೇ ದಿಕ್ಕಿನಲ್ಲಿ ಎರಡು ಮೂರು ಶಿಖರ ಕಂಡರೆ ಬೇರೆಬೇರೆ ದೂರದಲ್ಲಿ ಬೇರೆಬೇರೆ ಮೋಡಗಳಿವೆ ಎಂದು ಊಹಿಸಬಹುದು. ದೂಳು ಬೆಳಕನ್ನು ನುಂಗಿದರೂ 21 ಸೆಂಟಿಮೀಟರ್ ಅಲೆಯನ್ನು ತಡೆಯದು. ಹೀಗೆ ದಿಕ್ಕಿನಿಂದ ದಿಕ್ಕಿಗೆ ಅಳೆಯುತ್ತ 1950ರ ದಶಕದಲ್ಲಿ ಲೈಡನ್ ಮತ್ತು ಸಿಡ್ನಿಯವರು ಸೇರಿ ಆಕಾಶಗಂಗೆಯ ಸುರುಳಿ ತೋಳುಗಳ ನಕ್ಷೆ ಬರೆದರು. ವೇಗದಿಂದ ದೂರವನ್ನು ಊಹಿಸುವಾಗ ಅನಿಲ ಅಚ್ಚುಕಟ್ಟಾದ ವೃತ್ತದಲ್ಲೇ ಸುತ್ತುತ್ತಿದೆ ಎಂದು ಭಾವಿಸಿಕೊಂಡದ್ದರಿಂದ ಆ ನಕ್ಷೆಯ ಹಲವು ಭಾಗಗಳನ್ನು ಮುಂದೆ ತಿದ್ದಬೇಕಾಯಿತು.

ವಿಶ್ವ ಹಿಗ್ಗುತ್ತಿರುವುದರಿಂದ ಅತಿ ದೂರದ ಜಲಜನಕದ ಅಲೆ ದಾರಿಯಲ್ಲೇ ಹಿಗ್ಗಿ ಬರುತ್ತದೆ. ಪುಣೆಯ ಹತ್ತಿರ ನಾರಾಯಣಗಾಂವ್ ಬಳಿ ಇರುವ, 45 ಮೀಟರಿನ ಮೂವತ್ತು ಬಟ್ಟಲುಗಳ ಜಿ.ಎಂ.ಆರ್.ಟಿ. ದೂರದರ್ಶಕವನ್ನು ಕಟ್ಟುವಾಗ ಗೋವಿಂದ ಸ್ವರೂಪ್ ಅವರ ತಂಡ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡದ್ದು ಇಂಥ ಹಿಗ್ಗಿದ ಅಲೆಗಳನ್ನೇ. ಅದನ್ನು ಬಳಸಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಒಂದು ದೂರದ ಗ್ಯಾಲಕ್ಸಿಯ ಜಲಜನಕವನ್ನು ಹಿಡಿದ ಸುದ್ದಿ 2023ರ ಆರಂಭದಲ್ಲಿ ಬಂತು. 21 ಸೆಂಟಿಮೀಟರಾಗಿ ಹೊರಟ ಅಲೆ ಇಲ್ಲಿಗೆ ಮುಟ್ಟುವಾಗ 48 ಸೆಂಟಿಮೀಟರ್ ಆಗಿತ್ತು. ಹೊರಟದ್ದು ಸುಮಾರು 880 ಕೋಟಿ ವರ್ಷಗಳ ಹಿಂದೆ. ನಡುವೆ ಇನ್ನೊಂದು ಗ್ಯಾಲಕ್ಸಿ ಬಂದು ಅದರ ಗುರುತ್ವ ಮಸೂರದಂತೆ ಸಂಕೇತವನ್ನು ಸುಮಾರು ಮೂವತ್ತು ಪಟ್ಟು ಹಿಗ್ಗಿಸದೇ ಇದ್ದಿದ್ದರೆ ಅದು ಸಿಗುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ, ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲಕ್ಕೆ ಹೋದರೆ ಅಲೆ ಮೀಟರುಗಟ್ಟಲೆ ಉದ್ದವಾಗುತ್ತದೆ. ಆಗಿನ ಜಲಜನಕ ತನ್ನ ಸುತ್ತಲಿನ ಸೂಕ್ಷ್ಮತರಂಗ ವಿಕಿರಣಕ್ಕಿಂತ ತಣ್ಣಗಿತ್ತು. ಹೊಸ ನಕ್ಷತ್ರಗಳ ಅತಿನೇರಳೆ ಬೆಳಕು ಪರಮಾಣುಗಳನ್ನು ತಟ್ಟಿ, ಅನಿಲದ ಆ ತಂಪಿಗೆ ತಕ್ಕಂತೆ ಸ್ಪಿನ್‌ಗಳ ಹಂಚಿಕೆಯನ್ನು ಬದಲಿಸಿರಬೇಕು. ಹಾಗಾದಾಗ ಜಲಜನಕ ಅಲೆಯನ್ನು ಬೀರುವುದಕ್ಕಿಂತ ಹೀರುವುದೇ ಹೆಚ್ಚು. ಆಕಾಶದ ರೇಡಿಯೊ ಹೊಳಪಿನಲ್ಲಿ ಒಂದು ತಗ್ಗು ಕಾಣಬೇಕು. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಉಪಕರಣ ಇಟ್ಟಿದ್ದ ಎಡ್ಜಸ್ ತಂಡ 78 ಮೆಗಾಹರ್ಟ್ಸ್ ಸುತ್ತ ಅರ್ಧ ಕೆಲ್ವಿನ್ ಆಳದ ತಗ್ಗು ಕಂಡಿತೆಂದು ಹೇಳಿತು. ಸಾಮಾನ್ಯ ಲೆಕ್ಕಗಳು ಅನುಮತಿಸುವುದಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು ಆಳ. ಅನಿಲವನ್ನು ಅಷ್ಟು ತಣಿಸಿದ್ದು ಕಾಣದ ದ್ರವ್ಯವೇ ಇರಬಹುದೆಂದು ಸಾಲುಸಾಲು ಪ್ರಬಂಧಗಳು ಬಂದವು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರ ಚಿಂತೆ ಬೇರೆಯಾಗಿತ್ತು. ಈ ಆವರ್ತನದಲ್ಲಿ ಆಕಾಶಗಂಗೆಯ ಹೊಳಪೇ ಸಾವಿರಾರು ಕೆಲ್ವಿನ್. ಅದರಲ್ಲಿ ಅರ್ಧ ಕೆಲ್ವಿನ್ ತಗ್ಗು ಹುಡುಕುವಾಗ ಆಂಟೆನಾದ ಕೆಳಗಿನ ನೆಲವೇ ಮೋಸ ಮಾಡಬಲ್ಲದು. ಮಣ್ಣಿನ ಪದರ, ಕಲ್ಲು, ತೇವ ಎಲ್ಲವೂ ಅಲೆಗಳನ್ನು ಒಂದೊಂದು ಆವರ್ತನದಲ್ಲಿ ಒಂದೊಂದು ಥರ ಮರಳಿಸಿ ಹುಸಿ ತಗ್ಗುಗಳನ್ನು ಮೂಡಿಸುತ್ತವೆ. ಅದಕ್ಕೆ ಅವರು ತಮ್ಮ 'ಸರಸ್-3' ಆಂಟೆನಾವನ್ನು ನೀರಿನ ಮೇಲೆ ತೇಲಿಬಿಟ್ಟರು. 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿಯ ಹಿನ್ನೀರಿನಲ್ಲಿ. ಆಂಟೆನಾದ ಕೆಳಗೆ ನೀರು ಎಲ್ಲ ಕಡೆಯೂ ಒಂದೇ ಸಮ, ಲೆಕ್ಕಕ್ಕೆ ಸುಲಭ. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು 2022ರಲ್ಲಿ ಫಲಿತಾಂಶ ಪ್ರಕಟಿಸಿದರು: ಎಡ್ಜಸ್ ಹೇಳಿದ ಆಕಾರದ ತಗ್ಗು ಅವರ ದತ್ತಾಂಶದಲ್ಲಿ ಇಲ್ಲ, ಶೇಕಡಾ 95ರ ವಿಶ್ವಾಸದಲ್ಲಿ ಅದನ್ನು ತಳ್ಳಿಹಾಕಬಹುದು. ನಿಜವಾದ ತಗ್ಗು ಎಷ್ಟು ಆಳ, ಎಲ್ಲಿದೆ ಎಂಬುದನ್ನು ಅದು ತಿಳಿಸಲಿಲ್ಲ. ಅಷ್ಟು ಸೂಕ್ಷ್ಮತೆಗೆ ಇನ್ನೂ ದಾರಿಯಿದೆ.

ದಾರಿಗೆ ಅಡ್ಡ ನಿಂತಿರುವುದರಲ್ಲಿ ಎಫ್.ಎಂ. ರೇಡಿಯೊ ಕೂಡ ಒಂದು. ನಿಲಯಗಳು ಬಳಸುವ 88ರಿಂದ 108 ಮೆಗಾಹರ್ಟ್ಸ್ ಎಂದರೆ, ಮೂಲದ 1420ರಿಂದ ಭಾಗಿಸಿ ನೋಡಿದರೆ, 21 ಸೆಂಟಿಮೀಟರ್ ಅಲೆ ಹದಿಮೂರರಿಂದ ಹದಿನಾರು ಪಟ್ಟು ಹಿಗ್ಗಿದ ಕಾಲ. ವಿಶ್ವದ ಎಳೆಯ ನಕ್ಷತ್ರಗಳ ಕಾಲವೂ ಹೆಚ್ಚುಕಡಿಮೆ ಅದೇ. ಕೆರೆಯ ನಡುವೆ ತೇಲಿದರೂ ಸರಸ್ ವಿಶ್ಲೇಷಣೆಗೆ ಬಳಸಿದ್ದು 55ರಿಂದ 85 ಮೆಗಾಹರ್ಟ್ಸ್ ಪಟ್ಟಿಯನ್ನು ಮಾತ್ರ. ಎಫ್.ಎಂ. ಅಲೆಗಳು ಉಲ್ಕೆಗಳ ಬಾಲದಿಂದಲೂ ಹಾರುವ ವಿಮಾನಗಳಿಂದಲೂ ಪುಟಿದು ಎಷ್ಟೋ ದೂರ ಬರುತ್ತವೆ, ಕಾಡಿನ ಹಿನ್ನೀರಿಗೂ ತಪ್ಪುವುದಿಲ್ಲ. ಆದ್ದರಿಂದಲೇ ರಾಮನ್ ಸಂಸ್ಥೆ 'ಪ್ರತ್ಯುಷ್' ಎಂಬ ಉಪಕರಣವನ್ನು ಯೋಜಿಸುತ್ತಿದೆ. ಅದು ಚಂದ್ರನ ಸುತ್ತ ಸುತ್ತುತ್ತ, ಚಂದ್ರನ ಆಚೆಬದಿಗೆ ಹೋದಾಗ, ಭೂಮಿಯ ನಿಲಯಗಳು ಮರೆಯಾದ ಹೊತ್ತಿನಲ್ಲಿ ಮಾತ್ರ ಅಳತೆ ಮಾಡಬೇಕೆಂಬುದು ಅವರ ಲೆಕ್ಕಾಚಾರ.